ಐಗನ್ ಲೆಕ್ಕಕ್ಕೆ ತಾಳೆ ನೋಡುವ ಬಗೆ

ಇಂಜಿನಿಯರಿಂಗ್ ಓದುವವರಾಗಲಿ, ಬಿಎಸ್‌ಸಿಯಲ್ಲಿ ಗಣಿತ ತೆಗೆದುಕೊಂಡವರಾಗಲಿ, ಐಗನ್ ಮೌಲ್ಯ ಮತ್ತು ಐಗನ್ ವೆಕ್ಟರ್ ಕಂಡುಹಿಡಿಯುವ ಲೆಕ್ಕವನ್ನು ದಾಟದೆ ಮುಂದೆ ಹೋಗುವಂತಿಲ್ಲ. ಒಂದೊಂದು ಲೆಕ್ಕ ಎರಡು ಪುಟ ತಿನ್ನುತ್ತದೆ. ನಡುವೆ ಎಲ್ಲಾದರೂ ಒಂದು ಋಣಚಿಹ್ನೆ ಬಿಟ್ಟುಹೋದರೆ ಅಲ್ಲಿಂದಾಚೆಗೆ ಮಾಡಿದ್ದೆಲ್ಲ ವ್ಯರ್ಥ. ಹಾಗಾಗಿ ಉತ್ತರ ಬಂದ ಕೂಡಲೇ ಎಲ್ಲರೂ ಪುಸ್ತಕದ ಕೊನೆಯ ಪುಟ ತಿರುವುತ್ತಾರೆ. ತಿರುವಬೇಕಾಗಿಯೇ ಇಲ್ಲ. ಕಳೆಯುವ ಲೆಕ್ಕವನ್ನು ಕೂಡಿ ತಾಳೆ ನೋಡುತ್ತೇವಲ್ಲ, ಹಾಗೆಯೇ ಇದನ್ನೂ ನೋಡಬಹುದು. ಹುಡುಕಲು ಎರಡು ಪುಟ ಬೇಕಾದ ಉತ್ತರವನ್ನು ಪರೀಕ್ಷಿಸಲು ಎರಡು ಸಾಲು ಸಾಕು.

ಮ್ಯಾಟ್ರಿಕ್ಸ್ ಎಂದರೆ ಅಡ್ಡಸಾಲು, ಕಂಬಸಾಲುಗಳಲ್ಲಿ ಜೋಡಿಸಿಟ್ಟ ಸಂಖ್ಯೆಗಳು. ವೆಕ್ಟರನ್ನು ಒಂದು ಬಾಣ ಎಂದುಕೊಳ್ಳಿ. ಎಷ್ಟು ಬಲಕ್ಕೆ, ಎಷ್ಟು ಮೇಲಕ್ಕೆ ಎಂಬ ಎರಡು ಸಂಖ್ಯೆಗಳಲ್ಲಿ ಅದನ್ನು ಬರೆಯಬಹುದು. ಮ್ಯಾಟ್ರಿಕ್ಸಿನಿಂದ ಗುಣಿಸಿದಾಗ ಸಾಮಾನ್ಯವಾಗಿ ಬಾಣದ ದಿಕ್ಕೂ ಬದಲಾಗುತ್ತದೆ, ಉದ್ದವೂ ಬದಲಾಗುತ್ತದೆ. ಕೆಲವೇ ಕೆಲವು ಬಾಣಗಳು ಮಾತ್ರ ತಮ್ಮ ಗೆರೆಯನ್ನು ಬಿಡುವುದಿಲ್ಲ. ಅದೇ ಗೆರೆಯ ಮೇಲೆ ಹಿಗ್ಗುತ್ತವೆ, ಕುಗ್ಗುತ್ತವೆ, ಇಲ್ಲವೇ ತಿರುಗಿ ನಿಲ್ಲುತ್ತವೆ. ಅವೇ ಐಗನ್ ವೆಕ್ಟರ್‌ಗಳು. ಎಷ್ಟು ಪಟ್ಟು ಹಿಗ್ಗಿತು ಎನ್ನುವುದು ಐಗನ್ ಮೌಲ್ಯ. ಇಷ್ಟನ್ನೂ ಒಂದೇ ಸಾಲಿನಲ್ಲಿ ಹೀಗೆ ಬರೆಯುತ್ತಾರೆ:

```
A v = λ v
```

ತಾಳೆ ನೋಡುವುದೆಂದರೆ ಈ ಸಾಲಿಗೇ ಮರಳುವುದು. ಎಡಕ್ಕೆ ಮ್ಯಾಟ್ರಿಕ್ಸಿನಿಂದ ಗುಣಿಸಿ, ಬಲಕ್ಕೆ ಬರೀ ಲ್ಯಾಂಬ್ಡಾದಿಂದ ಗುಣಿಸಿ, ಎರಡೂ ಒಂದೇ ಆಯಿತೇ ಎಂದು ನೋಡುವುದು. ಒಂದು ಉದಾಹರಣೆ ಹಿಡಿಯೋಣ.

```
A = | 4  1 |
    | 2  3 |
```

ಇದರ ಐಗನ್ ಮೌಲ್ಯಗಳು 5 ಮತ್ತು 2. ಐದಕ್ಕೆ (1, 1) ಎಂಬ ವೆಕ್ಟರ್. ಗುಣಿಸಿ ನೋಡಿ: ಮೊದಲ ಸಾಲಿನಿಂದ 4 + 1 = 5, ಎರಡನೆಯದರಿಂದ 2 + 3 = 5. ಬಂದದ್ದು (5, 5), ಅಂದರೆ (1, 1)ರ ಐದು ಪಟ್ಟು. ಎರಡಕ್ಕೆ (1, −2). ಗುಣಿಸಿದರೆ 4 − 2 = 2, 2 − 6 = −4; (2, −4) ಎಂದರೆ (1, −2)ರ ಎರಡು ಪಟ್ಟು. ಎರಡೂ ತಾಳೆಯಾದವು.

ತಾಳೆ ತಪ್ಪಿದಾಗಲೇ ಈ ವಿಧಾನದ ನಿಜವಾದ ಉಪಯೋಗ ತಿಳಿಯುತ್ತದೆ. ಇದೇ ಮ್ಯಾಟ್ರಿಕ್ಸಿಗೆ ಒಬ್ಬ ವಿದ್ಯಾರ್ಥಿನಿ 3 ಮತ್ತು 4 ಎಂಬ ಉತ್ತರ ತಂದಿದ್ದಳು. ನಿರ್ಧಾರಕವನ್ನು ಬಿಡಿಸುವಾಗ 4 × 3 = 12 ಎಂದು ಬರೆದು, ಅದರಿಂದ 1 × 2 ಕಳೆಯುವುದನ್ನು ಮರೆತಿದ್ದಳು. ಸಮೀಕರಣ λ² − 7λ + 12 = 0 ಆಯಿತು; ಅದನ್ನು ಬಿಡಿಸಿದ್ದು ಸರಿಯಾಗಿಯೇ ಇತ್ತು. ಮೂರಕ್ಕೆ ವೆಕ್ಟರ್ ಹುಡುಕುವಾಗ A − 3I ಯ ಮೊದಲ ಸಾಲಿನಿಂದ x + y = 0 ಬಂತು, (1, −1) ಎಂದು ಬರೆದಳು.

"ತಾಳೆ ನೋಡಿದ್ದೀಯೇನಮ್ಮಾ?" ಎಂದು ಕೇಳಿದೆ.

"ನೋಡಿದೆ ಸರ್, ಸರಿ ಬಂತು" ಎಂದಳು.

ಅವಳು ಹೇಳಿದ್ದು ಸುಳ್ಳಲ್ಲ. ಮೊದಲ ಸಾಲನ್ನು ಗುಣಿಸಿದ್ದಳು: 4 − 1 = 3, ಬಲಗಡೆಯೂ 3 × 1 = 3. ಅಲ್ಲಿಗೇ ನಿಲ್ಲಿಸಿದ್ದಳು. ಎರಡನೆಯ ಸಾಲನ್ನೂ ಗುಣಿಸಿದ್ದರೆ 2 − 3 = −1 ಬರುತ್ತಿತ್ತು; ಬರಬೇಕಾದದ್ದು −3. ಮೊದಲ ಸಾಲು ಹೊಂದಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ವೆಕ್ಟರ್ ಹುಟ್ಟಿದ್ದೇ ಆ ಸಾಲಿನಿಂದ, ಆದ್ದರಿಂದ ಲ್ಯಾಂಬ್ಡಾ ಎಷ್ಟೇ ತಪ್ಪಾಗಿದ್ದರೂ ಆ ಸಾಲು ಹೊಂದಿಯೇ ಹೊಂದುತ್ತದೆ. ವೆಕ್ಟರ್ ಹುಡುಕಲು ಬಳಸದೆ ಉಳಿದ ಸಾಲೇ ನಿಜವಾದ ಸಾಕ್ಷಿ. ತಾಳೆ ನೋಡುವವರು ಎಲ್ಲ ಸಾಲುಗಳನ್ನೂ ನೋಡಲೇಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಎರಡು ಸಾಲುಗಳನ್ನೂ ಒಟ್ಟಿಗೆ ಬಿಡಿಸಿದ್ದರೂ ಅವಳಿಗೆ ಸುಳಿವು ಸಿಗುತ್ತಿತ್ತು. A − 3I ಯ ಎರಡನೆಯ ಸಾಲು 2x = 0 ಎನ್ನುತ್ತದೆ; x ಸೊನ್ನೆ, ಹಾಗಾಗಿ y ಕೂಡ ಸೊನ್ನೆ. ಐಗನ್ ಮೌಲ್ಯ ತಪ್ಪಾಗಿದ್ದರೆ ಆಗುವುದು ಹೀಗೆಯೇ: ಸೊನ್ನೆಯ ವೆಕ್ಟರ್ ಬಿಟ್ಟು ಬೇರೇನೂ ಉಳಿಯುವುದಿಲ್ಲ. ಕೆಲವರು ಆ (0, 0)ವನ್ನೇ ಉತ್ತರ ಎಂದು ಬರೆದುಬಿಡುತ್ತಾರೆ, ತಾಳೆಯೂ ಆಗಿಬಿಡುತ್ತದೆ! ಸೊನ್ನೆಯನ್ನು ಯಾವುದರಿಂದ ಗುಣಿಸಿದರೂ ಸೊನ್ನೆಯೇ ತಾನೆ? ಅದಕ್ಕೇ ಸೊನ್ನೆಯ ವೆಕ್ಟರನ್ನು ಐಗನ್ ವೆಕ್ಟರ್ ಎಂದು ಒಪ್ಪುವುದಿಲ್ಲ. ಅದು ಬಂತೆಂದರೆ ಲ್ಯಾಂಬ್ಡಾ ಹುಡುಕಿದ ಜಾಗಕ್ಕೆ ಹಿಂತಿರುಗಿ ಎಂದೇ ಅರ್ಥ.

ಇನ್ನೊಂದು ಎಚ್ಚರಿಕೆ. ಗುಣಿಸುವುದು ಪ್ರಶ್ನೆಯಲ್ಲಿ ಕೊಟ್ಟ ಮೂಲ ಮ್ಯಾಟ್ರಿಕ್ಸಿನಿಂದಲೇ ಆಗಬೇಕು. ನಡುವೆ ಸಾಲುಗಳನ್ನು ಕಳೆದು, ಭಾಗಿಸಿ ಸರಳ ಮಾಡಿಕೊಂಡ ಮ್ಯಾಟ್ರಿಕ್ಸಿನಲ್ಲಿ ಹಾಕಿ ನೋಡಿದರೆ, ಸರಳ ಮಾಡುವಾಗ ನುಸುಳಿದ ತಪ್ಪು ಅಲ್ಲಿಯೂ ಕುಳಿತಿರುತ್ತದೆ, ಸಿಕ್ಕಿಬೀಳುವುದಿಲ್ಲ.

ಪುಸ್ತಕದ ಉತ್ತರ ಬೇರೆ, ತನ್ನದು ಬೇರೆ ಎಂದು ಸುಮ್ಮನೆ ಕಂಗಾಲಾಗುವವರೂ ಇದ್ದಾರೆ. ಪುಸ್ತಕದಲ್ಲಿ (1, −2), ನಿಮ್ಮಲ್ಲಿ (−3, 6). ಮ್ಯಾಟ್ರಿಕ್ಸಿನಿಂದ ಗುಣಿಸಿ: −12 + 6 = −6, −6 + 18 = 12. (−6, 12) ಎಂದರೆ (−3, 6)ರ ಎರಡು ಪಟ್ಟು. ನಿಮ್ಮ ಉತ್ತರವೂ ಸರಿ. ಒಂದೇ ಗೆರೆಯ ಮೇಲಿರುವ ಬಾಣಗಳಲ್ಲಿ ಯಾವುದನ್ನು ಬರೆದರೂ ನಡೆಯುತ್ತದೆ. ಪುಸ್ತಕದ ಕೊನೆಯ ಪುಟ ಹೇಳದ ಈ ಮಾತನ್ನು ತಾಳೆ ಹೇಳುತ್ತದೆ.

ಇಲ್ಲಿಯವರೆಗೆ ಬಂದದ್ದು ಪೂರ್ಣಾಂಕಗಳು. ದಶಮಾಂಶ ಬಂದಾಗ ತಾಳೆ ಕೂದಲೆಳೆಯಷ್ಟೂ ತಪ್ಪದೆ ಕೂರುವುದಿಲ್ಲ. ಅತಿ ದೊಡ್ಡ ಐಗನ್ ಮೌಲ್ಯ ಕಂಡುಹಿಡಿಯಲು ಇಂಜಿನಿಯರಿಂಗ್ ಮೊದಲ ವರ್ಷದಲ್ಲಿ ರೇಲೀ ಪವರ್ ಮೆಥಡ್ ಕಲಿಸುತ್ತಾರೆ. ಅಲ್ಲಿ ಪದೇ ಪದೇ ಕಾಣಿಸುವ ಮ್ಯಾಟ್ರಿಕ್ಸ್ ಇದು:

```
B = |  2 -1  0 |
    | -1  2 -1 |
    |  0 -1  2 |
```

ಬಿಗಿಯಾಗಿ ಎಳೆದು ಕಟ್ಟಿದ ದಾರದ ಮೇಲೆ ಸಮಾನ ಅಂತರದಲ್ಲಿ ಒಂದೇ ತೂಕದ ಮೂರು ಮಣಿ ಪೋಣಿಸಿದರೆ, ಅವು ಮೇಲೆ ಕೆಳಗೆ ಕಂಪಿಸುವ ರೀತಿಯನ್ನು ಈ ಮ್ಯಾಟ್ರಿಕ್ಸ್ ವಿವರಿಸುತ್ತದೆ. ಐಗನ್ ವೆಕ್ಟರ್ ಎಂದರೆ ಕಂಪನದ ಆಕಾರ. ಐಗನ್ ಮೌಲ್ಯ ಹೆಚ್ಚಿದಷ್ಟೂ ಕಂಪನ ವೇಗವಾಗುತ್ತದೆ. ವಿಧಾನ ಸರಳ: ಒಂದು ವೆಕ್ಟರಿನಿಂದ ಶುರುಮಾಡಿ ಗುಣಿಸುವುದು, ಬಂದದ್ದನ್ನು ಅದರ ದೊಡ್ಡ ಸಂಖ್ಯೆಯಿಂದ ಭಾಗಿಸುವುದು, ಮತ್ತೆ ಗುಣಿಸುವುದು.

(1, 1, 1)ರಿಂದ ಹೊರಟರೆ ಕೆಲವು ಸುತ್ತಿನಲ್ಲಿ (0.75, −1, 0.75)ಕ್ಕೆ ಬರುತ್ತೇವೆ. ಗುಣಿಸಿದರೆ (2.5, −3.5, 2.5). ಈಗ ಪ್ರತಿ ಸ್ಥಾನದಲ್ಲೂ ಎಷ್ಟು ಪಟ್ಟಾಯಿತು ನೋಡಿ: 2.5 ÷ 0.75 = 3.33, ನಡುವಿನದು 3.5. ಎರಡೂ ಒಂದೇ ಆಗಬೇಕಿತ್ತು, ಆಗಿಲ್ಲ. ಇನ್ನೆರಡು ಸುತ್ತು ನಡೆಸಿದರೆ ವೆಕ್ಟರ್ (0.7083, −1, 0.7083) ಆಗುತ್ತದೆ, ಗುಣಿಸಿದಾಗ ಸಿಗುವ ಪಟ್ಟುಗಳು 3.412 ಮತ್ತು 3.417. ನಿಜವಾದ ಮೌಲ್ಯ 2 + √2, ಅಂದರೆ 3.4142. ಅದು ಈ ಎರಡರ ನಡುವೆಯೇ ಇದೆ. ಪಟ್ಟುಗಳ ನಡುವಿನ ಅಂತರ ಎಷ್ಟು ಕಿರಿದಾಗಿದೆ ಎಂಬುದನ್ನು ನೋಡಿ, ಎಷ್ಟನೆಯ ದಶಮಾಂಶದವರೆಗೆ ಉತ್ತರವನ್ನು ನಂಬಬಹುದು ಎಂದು ಹೇಳಬಹುದು. ಹಾಗಾಗಿ ಇಲ್ಲಿ ತಾಳೆ ಎಂದರೆ ಬರೀ ಸರಿ-ತಪ್ಪಿನ ತೀರ್ಪಲ್ಲ, ಅಳತೆಯೂ ಹೌದು. ಪರೀಕ್ಷೆಯಲ್ಲಿ ಐದೋ ಆರೋ ಸುತ್ತು ಎಂದು ಎಣಿಸಿ ನಿಲ್ಲಿಸುವುದಕ್ಕಿಂತ ಈ ಅಂತರ ನೋಡಿ ನಿಲ್ಲಿಸುವುದು ಎಷ್ಟೋ ಮೇಲು.

ಇದೇ ಮ್ಯಾಟ್ರಿಕ್ಸಿಗೆ (1, 0, −1)ರಿಂದ ಹೊರಟು ನೋಡಿ. ಮೊದಲ ಗುಣಾಕಾರದಲ್ಲೇ (2, 0, −2) ಬರುತ್ತದೆ. ತಾಳೆ ಅಚ್ಚುಕಟ್ಟು, λ = 2. ಇನ್ನು ಎಷ್ಟು ಸಲ ಗುಣಿಸಿದರೂ ಎರಡೇ. ಆದರೆ ಕೇಳಿದ್ದು ಅತಿ ದೊಡ್ಡ ಐಗನ್ ಮೌಲ್ಯ, ಅದು 3.4142. ನಿಮ್ಮ ಕೈಯಲ್ಲಿರುವುದು ಒಂದು ಐಗನ್ ಜೋಡಿ ಹೌದೋ ಅಲ್ಲವೋ ಎಂದಷ್ಟೇ ತಾಳೆ ಹೇಳುತ್ತದೆ. ಅದು ದೊಡ್ಡದೋ ಚಿಕ್ಕದೋ, ಎಲ್ಲವೂ ಸಿಕ್ಕಿವೆಯೋ ಇಲ್ಲವೋ ಎಂದು ಅದು ಹೇಳಲಾರದು. ಅದಕ್ಕೆ ಬೇರೆ ಲೆಕ್ಕ ಬೇಕು: ಎಲ್ಲ ಐಗನ್ ಮೌಲ್ಯಗಳ ಮೊತ್ತ ಮುಖ್ಯ ಕರ್ಣದ ಮೊತ್ತಕ್ಕೂ, ಗುಣಲಬ್ಧ ನಿರ್ಧಾರಕಕ್ಕೂ ಸಮನಾಗಬೇಕು. ಇಲ್ಲಿ ಕರ್ಣದ ಮೊತ್ತ 6, ನಿರ್ಧಾರಕ 4. 3.4142 ಮತ್ತು 2 ಸಿಕ್ಕಿದ್ದರೆ ಉಳಿದದ್ದು 0.5858 ಇರಲೇಬೇಕು, ಮೂರನ್ನೂ ಗುಣಿಸಿದರೆ 4 ಬರುತ್ತದೆ. ಈ ಎರಡು ಪರೀಕ್ಷೆಗಳು ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತವೆ. ನಮ್ಮ ವಿದ್ಯಾರ್ಥಿನಿಯ 3 ಮತ್ತು 4 ಕೂಡಿದರೆ 7, ಕರ್ಣದ ಮೊತ್ತವೂ 7. ಮೊತ್ತವನ್ನಷ್ಟೇ ನೋಡಿದ್ದರೆ ಅವಳ ತಪ್ಪು ಪಾರಾಗಿಬಿಡುತ್ತಿತ್ತು.

ಕೊನೆಯದಾಗಿ, ಕಂಪ್ಯೂಟರಿನಲ್ಲಿ ಲೆಕ್ಕ ಮಾಡುವವರನ್ನೂ ಏಮಾರಿಸುವ ಒಂದು ಸಂದರ್ಭ. ಎಡಗಡೆ ಬಲಗಡೆಗಳ ನಡುವೆ ತೀರಾ ಸಣ್ಣ ವ್ಯತ್ಯಾಸ ಉಳಿದರೆ ಐಗನ್ ಮೌಲ್ಯದಲ್ಲೂ ಅಷ್ಟೇ ಸಣ್ಣ ತಪ್ಪಿದೆ ಎಂದುಕೊಳ್ಳುತ್ತೇವೆ. ಮೇಲಿನ B ಥರ ಕರ್ಣದ ಆಚೆ ಈಚೆ ಒಂದೇ ಸಂಖ್ಯೆಗಳಿರುವ ಸಮ್ಮಿತ ಮ್ಯಾಟ್ರಿಕ್ಸಿಗೆ ಈ ನಂಬಿಕೆ ಸರಿ: ಆ ವ್ಯತ್ಯಾಸದ ಉದ್ದವನ್ನು ವೆಕ್ಟರಿನ ಉದ್ದದಿಂದ ಭಾಗಿಸಿ, ಅಷ್ಟು ದೂರದೊಳಗೆ ಒಂದು ನಿಜವಾದ ಐಗನ್ ಮೌಲ್ಯ ಇದ್ದೇ ಇರುತ್ತದೆ. ಸಮ್ಮಿತವಲ್ಲದ ಮ್ಯಾಟ್ರಿಕ್ಸಿನಲ್ಲಿ ಈ ಭರವಸೆ ಇಲ್ಲ.

```
C = | 1       1 |
    | 0.0001  1 |
```

ಇದಕ್ಕೆ λ = 1, ವೆಕ್ಟರ್ (1, 0) ಎಂದು ಯಾರೋ ಹೇಳಿದರೆನ್ನಿ. ಗುಣಿಸಿದರೆ (1, 0.0001). ಬರಬೇಕಾದದ್ದು (1, 0). ಹತ್ತು ಸಾವಿರದಲ್ಲಿ ಒಂದು ಪಾಲಿನ ವ್ಯತ್ಯಾಸ. ಯಾರಾದರೂ ಸೈ ಎನ್ನುತ್ತಾರೆ. ಆದರೆ ನಿಜವಾದ ಐಗನ್ ಮೌಲ್ಯಗಳು 1.01 ಮತ್ತು 0.99. ತಪ್ಪು 0.01, ತಾಳೆಯಲ್ಲಿ ಕಂಡ ವ್ಯತ್ಯಾಸದ ನೂರು ಪಟ್ಟು! ಎರಡು ಐಗನ್ ವೆಕ್ಟರ್‌ಗಳೂ ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ಒರಗಿಕೊಂಡಿರುವುದೇ ಇದಕ್ಕೆ ಕಾರಣ: ಒಂದು (1, 0.01), ಇನ್ನೊಂದು (1, −0.01). (1, 0) ಇವೆರಡರ ನಡುವೆ ನಿಂತು ಎರಡರಂತೆಯೂ ಕಾಣಿಸುತ್ತದೆ. ಇಂಥ ಕಡೆ ದಶಮಾಂಶಗಳನ್ನು ಬೇಗ ಕತ್ತರಿಸಬಾರದು. ಕತ್ತರಿಸದೆ (1, 0.01)ನ್ನು ಹಾಕಿ ನೋಡಿ: ಮೊದಲ ಸಾಲಿನಿಂದ 1.01, ಎರಡನೆಯ ಸಾಲಿನಿಂದ 0.0001 + 0.01 = 0.0101. 1.01ನ್ನು 0.01ರಿಂದ ಗುಣಿಸಿದರೂ 0.0101. ಎರಡು ಸಾಲುಗಳೂ ಪೂರ್ತಿ ತಾಳೆಯಾಗುತ್ತವೆ.