ತೊಲೆ ಉದ್ದವಾದರೆ ಎತ್ತಿಗೆ ಎಷ್ಟು ಹಗುರ?

ಬೀಸುಕಲ್ಲಿನ ಗೂಟ ಯಾವಾಗಲೂ ಕಲ್ಲಿನ ಅಂಚಿನಲ್ಲೇ ಇರುತ್ತದೆ. ನಡುವಿನ ಕೀಲಿಗೆ ಹತ್ತಿರ ಗೂಟ ನೆಟ್ಟು ರಾಗಿ ಬೀಸಲು ಹೊರಟರೆ ನಾಲ್ಕು ಸುತ್ತಿಗೇ ತೋಳು ಸೋತುಹೋಗುತ್ತದೆ. ಕಲ್ಲು ಅದೇ, ರಾಗಿ ಅದೇ, ಕೈಯೂ ಅದೇ. ಬದಲಾಗಿದ್ದು ನಡುವಿನಿಂದ ಕೈಗಿರುವ ದೂರ ಮಾತ್ರ. ಎತ್ತಿನ ಗಾಣದ ಗುಟ್ಟೂ ಇಷ್ಟೇ. ಗೂಟದ ಜಾಗದಲ್ಲಿ ಆಳಿಗಿಂತ ಉದ್ದದ ಮರದ ತೊಲೆ, ಕೈಯ ಜಾಗದಲ್ಲಿ ಎತ್ತು, ಕಲ್ಲಿನ ಜಾಗದಲ್ಲಿ ಒರಳು ಮತ್ತು ಒನಕೆ.

ಗಾಣವನ್ನು ಕಣ್ಣಾರೆ ನೋಡದವರಿಗಾಗಿ ಅದರ ರಚನೆಯನ್ನು ಹೇಳಿಬಿಡುತ್ತೇನೆ. ನೆಲದಲ್ಲಿ ಆಳವಾಗಿ ಹೂತ ಕಲ್ಲಿನ ಅಥವಾ ಮರದ ಒರಳು ಅಲುಗಾಡುವುದಿಲ್ಲ. ಅದರೊಳಗೆ ದಪ್ಪ ಒನಕೆಯೊಂದು ಓರೆಯಾಗಿ ನಿಂತಿರುತ್ತದೆ. ಒನಕೆಯ ತಲೆಯನ್ನು ತೊಲೆಗೆ ಕಟ್ಟಿರುತ್ತಾರೆ. ತೊಲೆಯ ಒಳತುದಿ ಒರಳಿನ ಬುಡವನ್ನು ತಬ್ಬಿಕೊಂಡು ಸುತ್ತುತ್ತದೆ, ಹೊರತುದಿಗೆ ಎತ್ತು ಕಟ್ಟಿರುತ್ತದೆ. ತೊಲೆಯ ಮೇಲೆ ಕಲ್ಲು ಹೇರುತ್ತಾರೆ, ಕೆಲವು ಸಲ ಗಾಣಿಗನೇ ಹತ್ತಿ ಕೂರುತ್ತಾನೆ. ಆ ಭಾರ ಒನಕೆಯ ತಲೆಯನ್ನು ಹೊರಕ್ಕೆ ಜಗ್ಗುತ್ತದೆ. ಆಗ ಒನಕೆಯ ಕೆಳತುದಿ ಒರಳಿನ ಗೋಡೆಗೆ ಬಲವಾಗಿ ಒತ್ತಿಕೊಳ್ಳುತ್ತದೆ. ಎತ್ತು ಸುತ್ತಿದಂತೆ ಒನಕೆ ಗೋಡೆಯನ್ನು ಉಜ್ಜುತ್ತಾ ತಿರುಗಿ, ನಡುವೆ ಸಿಕ್ಕಿದ ಶೇಂಗಾ, ಎಳ್ಳು, ಹುಚ್ಚೆಳ್ಳನ್ನು ಅರೆಯುತ್ತದೆ.

ಹೇರಿದ ಕಲ್ಲನ್ನು ಎತ್ತು ಮೇಲೆತ್ತುವುದಿಲ್ಲ, ಅದು ಒಂದೇ ಎತ್ತರದಲ್ಲಿ ಸುತ್ತುತ್ತಿರುತ್ತದೆ. ಆದರೂ ಇನ್ನೊಂದು ಕಲ್ಲು ಇಟ್ಟ ಕೂಡಲೇ ಎತ್ತಿನ ಹೆಗಲಿಗೆ ಅದು ತಿಳಿಯುತ್ತದೆ. ಭಾರ ಹೆಚ್ಚಿದಂತೆ ಒನಕೆ ಗೋಡೆಗೆ ಒತ್ತುವುದು ಹೆಚ್ಚುತ್ತದೆ, ಒತ್ತು ಹೆಚ್ಚಿದಂತೆ ಉಜ್ಜಾಟ ಹೆಚ್ಚುತ್ತದೆ. ಎತ್ತು ಎಳೆಯುವುದು ಕಲ್ಲಿನ ತೂಕವನ್ನಲ್ಲ, ಆ ತೂಕ ಹುಟ್ಟಿಸಿದ ಉಜ್ಜಾಟವನ್ನು.

ಈಗ ಒಂದು ಗಾಣವನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಎತ್ತಿನ ತೂಕ 350 ಕಿಲೋ ಎಂದಿರಲಿ. ಗಂಟೆಗಟ್ಟಲೆ ಒಂದೇ ಸಮನೆ ದುಡಿಯುವ ಎತ್ತು ತನ್ನ ತೂಕದ ಹತ್ತನೇ ಒಂದು ಭಾಗದಷ್ಟು ಬಲದಲ್ಲಿ ಎಳೆಯಬಲ್ಲದು ಎಂಬುದು ಸ್ಥೂಲ ಅಂದಾಜು. ಅಂದರೆ 35 ಕಿಲೋ ತೂಕದಷ್ಟು ಎಳೆತ. ನಮ್ಮ ಎತ್ತು ಸ್ವಲ್ಪ ಕಡಿಮೆಯೇ ಎಳೆಯುತ್ತಿದೆ, 30 ಕಿಲೋ ತೂಕದಷ್ಟು ಎಂದುಕೊಳ್ಳಿ. ವಿಜ್ಞಾನದ ಅಳತೆಯಲ್ಲಿ ಅದು ಸುಮಾರು 300 ನ್ಯೂಟನ್. ನೂರು ಗ್ರಾಂ ತೂಕವನ್ನು ಅಂಗೈಯಲ್ಲಿ ಹಿಡಿದರೆ ಅದು ಒತ್ತುವ ಬಲ ಹತ್ತಿರಹತ್ತಿರ ಒಂದು ನ್ಯೂಟನ್ ಎಂಬುದು ನೆನಪಿದ್ದರೆ ಸಾಕು. ಒರಳಿನ ನಡುವಿನಿಂದ ಎತ್ತು ಕಟ್ಟಿದ ಜಾಗಕ್ಕೆ 3 ಮೀಟರ್, ಇದೇ ತ್ರಿಜ್ಯ.

ಬಲವನ್ನು ತ್ರಿಜ್ಯದಿಂದ ಗುಣಿಸಿದರೆ ಸಿಗುವುದೇ ತಿರುಚುಬಲ, ಎಂಜಿನಿಯರುಗಳ ಮಾತಿನಲ್ಲಿ ಟಾರ್ಕ್. ನಮ್ಮ ಗಾಣದಲ್ಲಿ 300 ನ್ಯೂಟನ್ ಗುಣಿಸು 3 ಮೀಟರ್, ಅಂದರೆ 900 ನ್ಯೂಟನ್-ಮೀಟರ್. ಗಾಣ ಒಂದೇ ವೇಗದಲ್ಲಿ ಸುತ್ತುತ್ತಿರುವಾಗ ಎತ್ತಿನ ಈ ತಿರುಚುಬಲವೂ ಗಾಣ ಒಡ್ಡುವ ತಡೆಯ ತಿರುಚುಬಲವೂ ಸರಿಸಮ. ಒನಕೆ ಗೋಡೆಯನ್ನು ಉಜ್ಜುವ ಜಾಗ ನಡುವಿನಿಂದ ಒಂದು ಗೇಣಿಗಿಂತ ಕಡಿಮೆ ದೂರ, 15 ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. 900ನ್ನು 0.15ರಿಂದ ಭಾಗಿಸಿದರೆ 6000 ನ್ಯೂಟನ್ ಬರುತ್ತದೆ. ಹೊರಗೆ 30 ಕಿಲೋ ತೂಕದಷ್ಟು ಎಳೆದ ಎತ್ತು ಒಳಗೆ 600 ಕಿಲೋ ತೂಕದಷ್ಟು ಬಲದಲ್ಲಿ ಬೀಜವನ್ನು ಅರೆಯಬಲ್ಲದು! ತೊಲೆ ಉದ್ದ, ಒರಳಿನ ಹೊಟ್ಟೆ ಕಿರಿದು ಎಂಬ ವಿನ್ಯಾಸದ ಹಿಂದೆ ಇರುವುದು ಈ ಇಪ್ಪತ್ತು ಪಟ್ಟು.

ಆದರೆ 900ರಷ್ಟೂ ಬೀಜಕ್ಕೆ ಸಿಗುವುದಿಲ್ಲ. ತೊಲೆಯ ಒಳತುದಿ ಒರಳಿನ ಬುಡವನ್ನು ಉಜ್ಜಿಕೊಂಡೇ ಸುತ್ತಬೇಕು. ಬುಡದ ತ್ರಿಜ್ಯ 40 ಸೆಂಟಿಮೀಟರ್, ಅಲ್ಲಿನ ಉಜ್ಜಾಟ 400 ನ್ಯೂಟನ್ ಎಂದರೆ 160 ನ್ಯೂಟನ್-ಮೀಟರ್ ಅಲ್ಲೇ ಸೋರಿಹೋಯಿತು. ಬೀಜಕ್ಕೆ ಉಳಿದದ್ದು 740. ಇಂಥ ಸೋರಿಕೆಯನ್ನು ಕಿವಿಯೂ ಕೈಯೂ ಹಿಡಿಯಬಲ್ಲವು. ಕಿರುಗುಟ್ಟುವ ಸದ್ದು ಒರಳಿನ ಒಳಗಿನಿಂದಲ್ಲದೆ ಬುಡದಿಂದ ಬರತೊಡಗುತ್ತದೆ, ನಿಲ್ಲಿಸಿ ಮುಟ್ಟಿದರೆ ತೊಲೆಯ ಒಳತುದಿ ಬಿಸಿಯಾಗಿರುತ್ತದೆ. ಅಲ್ಲಿಗೆ ನಾಲ್ಕು ಹನಿ ಎಣ್ಣೆ ಬಿಟ್ಟರೆ ಎತ್ತಿನ ಹೆಗಲ ಮೇಲಿನ ಭಾರ ಇಳಿಯುತ್ತದೆ.

ಎಳೆತದ ದಿಕ್ಕಿನ ಮಾತೂ ಇದೆ. ಬಲವನ್ನು ತ್ರಿಜ್ಯದಿಂದ ನೇರವಾಗಿ ಗುಣಿಸಬಹುದಾದದ್ದು ಎಳೆತ ತೊಲೆಗೆ ಲಂಬವಾಗಿದ್ದಾಗ ಮಾತ್ರ. ಎತ್ತು ಚುಕ್ಕಿಯಲ್ಲ, ಅದಕ್ಕೊಂದು ಉದ್ದದ ಮೈ ಇದೆ, ಹಿಂದೆ ಹಗ್ಗವಿದೆ. ಹೆಗಲಿನಿಂದ ತೊಲೆಯ ತುದಿಗೆ 2 ಮೀಟರ್ ಇದ್ದರೆ ಹಗ್ಗ ವೃತ್ತದ ಅಂಚನ್ನು ಅನುಸರಿಸದೆ ವೃತ್ತದ ಒಳಗಿನಿಂದ ಅಡ್ಡ ಹಾಯುತ್ತದೆ. 3 ಮೀಟರ್ ತ್ರಿಜ್ಯದಲ್ಲಿ ಈ ಓರೆ ಸುಮಾರು 20 ಡಿಗ್ರಿ. ಹಗ್ಗದ ಎಳೆತ 300 ನ್ಯೂಟನ್ ಆದರೆ ಗಾಣವನ್ನು ತಿರುಗಿಸುವ ಪಾಲು 280ರ ಆಸುಪಾಸು, ಇನ್ನೊಂದು ಪಾಲು, ಸುಮಾರು 100 ನ್ಯೂಟನ್, ತೊಲೆಯನ್ನು ಸುಮ್ಮನೆ ಒರಳಿನ ಕಡೆಗೆ ನೂಕುತ್ತದೆ. ತ್ರಿಜ್ಯವನ್ನು 2 ಮೀಟರಿಗೆ ಇಳಿಸಿದರೆ ಓರೆ 30 ಡಿಗ್ರಿಗೆ ಏರುತ್ತದೆ, ವ್ಯರ್ಥವಾಗುವ ಪಾಲು ಎಳೆತದ ಅರ್ಧಕ್ಕೆ ಮುಟ್ಟುತ್ತದೆ. ಆ ಪಾಲು ಒಂದು ಹನಿ ಎಣ್ಣೆಯನ್ನೂ ಹಿಂಡುವುದಿಲ್ಲ; ಎತ್ತು ಮಾತ್ರ ಒಂದೇ ಮಗ್ಗುಲಿಗೆ ಒರಗಿ ಸಂಜೆಯ ತನಕ ಅದನ್ನು ತಾಳಿಕೊಳ್ಳಬೇಕು. ಒಂದೇ ಬದಿಯ ಹೆಗಲು ಬಾತುಕೊಂಡ ಎತ್ತನ್ನು ಕಂಡರೆ ಮೊದಲು ಅಳೆದು ನೋಡಬೇಕಾದದ್ದು ಅದು ಸುತ್ತುವ ವೃತ್ತವನ್ನು. ಮುಂದಿನ ಲೆಕ್ಕ ಸುಲಭವಾಗಲೆಂದು ಈ ಓರೆಯನ್ನು ಬದಿಗಿಟ್ಟು, ತಿರುಗಿಸುವ ಪಾಲೇ 300 ನ್ಯೂಟನ್ ಎಂದುಕೊಳ್ಳುತ್ತೇನೆ.

ಇಷ್ಟು ಹೊತ್ತು ಹೇಳಿದ್ದು ಬಲದ ಮಾತು. ಕೆಲಸದ ಮಾತು ಬೇರೆ. ಗಾಣ ಕಚ್ಚಿಕೊಂಡು ಎತ್ತು ನಿಂತಲ್ಲೇ 300 ನ್ಯೂಟನ್ ಜಗ್ಗಿದರೂ ತಿರುಚುಬಲ 900 ಇದ್ದೇ ಇರುತ್ತದೆ, ಆದರೆ ಆದ ಕೆಲಸ ಸೊನ್ನೆ. ಕೆಲಸ ಆಗಬೇಕಾದರೆ ಎತ್ತು ನಡೆಯಬೇಕು. 3 ಮೀಟರ್ ತ್ರಿಜ್ಯದ ಒಂದು ಸುತ್ತೆಂದರೆ 18.85 ಮೀಟರ್ ನಡಿಗೆ. 300 ನ್ಯೂಟನ್ನನ್ನು ಅದರಿಂದ ಗುಣಿಸಿದರೆ ಸುತ್ತಿಗೆ ಸುಮಾರು 5650 ಜೂಲ್ ಕೆಲಸ. 58 ಕಿಲೋ ತೂಕದ ಮನುಷ್ಯನನ್ನು 10 ಮೀಟರ್ ಎತ್ತರಕ್ಕೆ, ಅಂದರೆ ಮೂರು ಮಹಡಿಯಷ್ಟು ಮೇಲಕ್ಕೆ, ಎತ್ತಲು ಬೇಕಾಗುವ ಕೆಲಸವಿದು. ತಿರುಚುಬಲ 900ನ್ನು 2πಯಿಂದ, ಅಂದರೆ 6.28ರಿಂದ ಗುಣಿಸಿದರೂ ಇದೇ ಉತ್ತರ ಬರುತ್ತದೆ. ತಿರುಚುಬಲ ಗೊತ್ತಿದ್ದರೆ ತೊಲೆಯ ಉದ್ದವನ್ನು ಕೇಳದೆಯೇ ಸುತ್ತಿನ ಕೆಲಸವನ್ನು ಹೇಳಿಬಿಡಬಹುದು.

ಹಾಗಾದರೆ ತೊಲೆಯನ್ನು ಇನ್ನೂ ಉದ್ದ ಮಾಡಿದರೆ ಎತ್ತಿಗೆ ಏನು ಲಾಭ? ಅದೇ ಗಾಣಕ್ಕೆ 4 ಮೀಟರಿನ ತೊಲೆ ಕಟ್ಟಿ ನೋಡೋಣ. ಗಾಣ ಕೇಳುವ ತಿರುಚುಬಲ ಬದಲಾಗಿಲ್ಲ, ಅದೇ 900. ಎತ್ತು ಈಗ 225 ನ್ಯೂಟನ್ ಎಳೆದರೆ ಸಾಕು. ಹೆಗಲಿಗೆ ನಿಜಕ್ಕೂ ಹಗುರ. ಆದರೆ ಒಂದು ಸುತ್ತಿಗೆ 25 ಮೀಟರಿಗಿಂತ ಹೆಚ್ಚು ನಡೆಯಬೇಕು. ಎರಡನ್ನೂ ಗುಣಿಸಿದರೆ ಮತ್ತೆ ಅದೇ 5650 ಜೂಲ್. ಉದ್ದದ ತೊಲೆ ಎಳೆತವನ್ನು ಇಳಿಸುತ್ತದೆ, ಇಳಿಸಿದ್ದನ್ನು ನಡಿಗೆಯಲ್ಲಿ ವಸೂಲಿ ಮಾಡುತ್ತದೆ.

ಕೆಲಸ ಅಷ್ಟೇ ಇದ್ದರೂ ತೊಲೆಯ ಉದ್ದ ಮುಖ್ಯವಾಗುವುದು ಎತ್ತಿನ ಮೈಯ ಕಾರಣಕ್ಕೆ. 2 ಮೀಟರಿನ ತೊಲೆಗೆ 450 ನ್ಯೂಟನ್ ಎಳೆತ ಬೇಕು. 350 ಕಿಲೋ ಎತ್ತಿಗೆ ಅದು ಅರ್ಧ ಗಂಟೆಯ ಮಾತಾಗಬಹುದು, ಇಡೀ ದಿನದ್ದಲ್ಲ. ತೊಲೆ ತೀರಾ ಉದ್ದವಾದರೂ ತೊಂದರೆಯೇ. ಎತ್ತಿನ ಹೆಜ್ಜೆಯ ವೇಗ ಅಷ್ಟೇ ಇರುತ್ತದೆ. ಸೆಕೆಂಡಿಗೆ ಮುಕ್ಕಾಲು ಮೀಟರ್ ನಡೆಯುವ ಎತ್ತು 3 ಮೀಟರ್ ತೊಲೆಯ ಸುತ್ತನ್ನು 25 ಸೆಕೆಂಡಿನಲ್ಲಿ ಮುಗಿಸಿದರೆ 4 ಮೀಟರಿನದಕ್ಕೆ 33 ಸೆಕೆಂಡು ಬೇಕು. ಸುತ್ತುಗಳು ಕಡಿಮೆಯಾಗಿ ಎಣ್ಣೆ ತಡವಾಗುತ್ತದೆ. ತನ್ನ ಎತ್ತಿಗೆ ತಕ್ಕ ಉದ್ದ ಯಾವುದೆಂದು ಕಂಡುಕೊಳ್ಳುವುದರಲ್ಲಿ ಗಾಣಿಗನ ಜಾಣತನವಿದೆ.

ಸುತ್ತಿಗೆ 25 ಸೆಕೆಂಡು ಎಂದರೆ ನಿಮಿಷಕ್ಕೆ 2.4 ಸುತ್ತು, ಗಂಟೆಗೆ 144. ಈ ಸಂಖ್ಯೆಗೆ ಒಂದು ಹಿನ್ನೆಲೆಯಿದೆ. 18ನೇ ಶತಮಾನದ ಕೊನೆಯಲ್ಲಿ ಜೇಮ್ಸ್ ವ್ಯಾಟ್ ತನ್ನ ಉಗಿಯಂತ್ರವನ್ನು ಗಿರಣಿಯವರಿಗೆ ಮಾರಬೇಕಿತ್ತು. ಆ ಗಿರಣಿಗಳನ್ನು ಆಗ ತಿರುಗಿಸುತ್ತಿದ್ದದ್ದು ಇಂಥದೇ ತೊಲೆಗೆ ಕಟ್ಟಿದ ಕುದುರೆಗಳು. 12 ಅಡಿ ತ್ರಿಜ್ಯದ ವೃತ್ತದಲ್ಲಿ 180 ಪೌಂಡ್ ಬಲದಿಂದ ಎಳೆಯುತ್ತಾ ಕುದುರೆ ಗಂಟೆಗೆ 144 ಸುತ್ತು ಹಾಕುತ್ತದೆ ಎಂಬುದು ಅವನ ಪ್ರಸಿದ್ಧ ಲೆಕ್ಕ. ಬಲ, ಸುತ್ತಿನ ದೂರ, ನಿಮಿಷದ ಸುತ್ತುಗಳು ಈ ಮೂರನ್ನೂ ಗುಣಿಸಿದರೆ ನಿಮಿಷಕ್ಕೆ 32,572 ಅಡಿ-ಪೌಂಡ್ ಬರುತ್ತದೆ. ಅದನ್ನು 33,000ಕ್ಕೆ ಪೂರ್ಣಗೊಳಿಸಿ ಒಂದು ಅಶ್ವಶಕ್ತಿ ಎಂದ. ಇಂದಿಗೂ ಬಾವಿಯ ಪಂಪ್‌ಸೆಟ್ಟಿನ ಮೇಲೆ ಬರೆದಿರುವ ಎಚ್‌ಪಿ ಹುಟ್ಟಿದ್ದು ಹೀಗೆ ವೃತ್ತ ಸುತ್ತುವ ಪ್ರಾಣಿಯಿಂದ. ಈಗಿನ ಅಳತೆಯಲ್ಲಿ ಅದು 746 ವ್ಯಾಟ್. ನಮ್ಮ ಎತ್ತು 25 ಸೆಕೆಂಡಿಗೆ 5650 ಜೂಲ್ ಕೊಡುತ್ತದೆ, ಅಂದರೆ ಸುಮಾರು 225 ವ್ಯಾಟ್, ಅಶ್ವಶಕ್ತಿಯ ಮೂರನೇ ಒಂದು ಭಾಗಕ್ಕಿಂತ ತುಸು ಕಡಿಮೆ. ಗಂಟೆಪೂರ್ತಿ ಸುತ್ತಿದ ಎತ್ತಿನ ದುಡಿಮೆ ಮೀಟರಿನಲ್ಲಿ ಕಾಲು ಯೂನಿಟ್ ವಿದ್ಯುತ್ತೂ ಆಗುವುದಿಲ್ಲ ಎಂಬುದನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ.

ಇಷ್ಟೆಲ್ಲ ಕೆಲಸ ಹೋಗುವುದೆಲ್ಲಿಗೆ? ಬೀಜದ ಕಣಗಳನ್ನು ಒಡೆಯಲು ಸ್ವಲ್ಪ ಖರ್ಚಾಗುತ್ತದೆ, ಮಿಕ್ಕದ್ದೆಲ್ಲ ಉಜ್ಜಾಟದಲ್ಲಿ ಶಾಖವಾಗುತ್ತದೆ. ಒಂದು ಸಲಕ್ಕೆ 10 ಕಿಲೋ ಶೇಂಗಾ ಹಾಕಿ ಒಂದು ಗಂಟೆ ಸುತ್ತಿಸಿದರೆ 144 ಸುತ್ತಿಗೆ 8 ಲಕ್ಷ ಜೂಲ್. ಒಂದು ಕಿಲೋ ಬೀಜವನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 2000 ಜೂಲ್ ಬೇಕು. ಎಲ್ಲ ಶಾಖವೂ ಬೀಜದಲ್ಲೇ ಉಳಿದಿದ್ದರೆ ಅದು 40 ಡಿಗ್ರಿ ಬಿಸಿ ಏರಬೇಕಿತ್ತು. ಹಾಗಾಗುವುದಿಲ್ಲ, ಏಕೆಂದರೆ ಒಂದು ಗಂಟೆ ದೊಡ್ಡ ಅವಧಿ. ಶಾಖ ಒರಳಿಗೆ, ಒನಕೆಗೆ, ಗಾಳಿಗೆ ನಿಧಾನವಾಗಿ ಹರಿದುಹೋಗುತ್ತದೆ. ಹಿಂಡಿ ಬೆಚ್ಚಗಾಗುತ್ತದೆ ಅಷ್ಟೆ.

ಎತ್ತಿನ ಜಾಗಕ್ಕೆ ಮೋಟಾರು ಕೂರಿಸಿ ಅದೇ ಗಾಣವನ್ನು ನಿಮಿಷಕ್ಕೆ 12 ಸುತ್ತು ತಿರುಗಿಸಿದರೆ ತಿರುಚುಬಲ 900ರಲ್ಲೇ ಇರುತ್ತದೆ, ಸುತ್ತಿನ ಕೆಲಸವೂ ಅಷ್ಟೇ. ಶಕ್ತಿ ಮಾತ್ರ ಐದು ಪಟ್ಟಾಗಿ ಒಂದೂವರೆ ಎಚ್‌ಪಿ ಬೇಡುತ್ತದೆ. ಅದೇ 144 ಸುತ್ತು 12 ನಿಮಿಷದಲ್ಲಿ ಮುಗಿಯುತ್ತದೆ, ಅದೇ 8 ಲಕ್ಷ ಜೂಲ್ ಒರಳಿಗೆ ಬೀಳುತ್ತದೆ, ಆದರೆ ಶಾಖಕ್ಕೆ ಹೊರಗೆ ಹೋಗಲು ಐದನೇ ಒಂದು ಭಾಗ ಹೊತ್ತೂ ಸಾಲುವುದಿಲ್ಲ. ಎಣ್ಣೆ ಬಿಸಿಯಾಗದಂತೆ ತೆಗೆದದ್ದು ಎಂದು ಅಂಗಡಿಯವನು ಹೇಳಿದಾಗ ಗಾಣ ಮರದ್ದೋ ಕಲ್ಲಿನದೋ ಎಂದು ಕೇಳುವ ಮೊದಲು, ಅದು ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂದು ಕೇಳಿ. ಸಾಧ್ಯವಾದರೆ ಆಗತಾನೇ ತೆಗೆದ ಹಿಂಡಿಯ ಮೇಲೆ ಅಂಗೈ ಇಟ್ಟು ನೋಡಿ.