ಹೈಡ್ರೋಜನ್ ಕೋಶಕ್ಕೆ ನೂರಕ್ಕೆ 83ರ ಮಿತಿ ಏಕೆ?

ಇಂಧನ ಕೋಶದಲ್ಲಿ ಬೆಂಕಿಯಿಲ್ಲ, ಪಿಸ್ಟನ್ನೂ ಇಲ್ಲ. ಒಂದು ಕಡೆಯಿಂದ ಹೈಡ್ರೋಜನ್, ಇನ್ನೊಂದು ಕಡೆಯಿಂದ ಆಮ್ಲಜನಕ ಒಳಹೋಗುತ್ತವೆ; ವಿದ್ಯುತ್ತೂ ನೀರೂ ಹೊರಬರುತ್ತವೆ. ಶಾಖವನ್ನು ಚಲನೆಯಾಗಿಸುವ ಯಂತ್ರವಲ್ಲವಾದ್ದರಿಂದ ಎಂಜಿನ್ನುಗಳಿಗಿರುವ ಕಾರ್ನೊ ಮಿತಿ ಇದನ್ನು ಕಟ್ಟಿಹಾಕುವುದಿಲ್ಲ. ಹಾಗೆಂದು ಹೈಡ್ರೋಜನ್ನಿನ ಶಕ್ತಿಯೆಲ್ಲ ತಂತಿಗೆ ಹರಿಯುತ್ತದೆಯೇ? ಇಲ್ಲ, ಕೋಶ ಎಷ್ಟೇ ಪರಿಪೂರ್ಣವಾಗಿರಲಿ.

2 ಗ್ರಾಂ ಹೈಡ್ರೋಜನ್ 16 ಗ್ರಾಂ ಆಮ್ಲಜನಕದೊಡನೆ ಸೇರಿ 18 ಗ್ರಾಂ ನೀರಾಗುವಾಗ, 25 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಒಟ್ಟು 285.8 ಕಿಲೋಜೂಲ್ ಶಕ್ತಿ ಬಿಡುಗಡೆಯಾಗುತ್ತದೆ. ಇದು ಎಂಥಾಲ್ಪಿಯ ಲೆಕ್ಕ. ಆದರೆ ಎರಡೂ ಅನಿಲಗಳು. ಅವುಗಳ ಅಣುಗಳು ಮನಬಂದಂತೆ ಅಲೆಯುತ್ತಿದ್ದವು. ನೀರಾದ ಮೇಲೆ ಆ ಚೆಲ್ಲಾಪಿಲ್ಲಿತನ, ಅಂದರೆ ಎಂಟ್ರೊಪಿ, ಕೆಲ್ವಿನ್ನಿಗೆ 163.3 ಜೂಲ್‌ನಷ್ಟು ಇಳಿಯುತ್ತದೆ. ಉಷ್ಣಗತಿಶಾಸ್ತ್ರದ ಎರಡನೆಯ ನಿಯಮ ಇದನ್ನು ಸುಮ್ಮನೆ ಬಿಡುವುದಿಲ್ಲ: ಒಳಗೆ ಇಳಿದದ್ದನ್ನು ಹೊರಗೆ ಶಾಖ ಚೆಲ್ಲಿ ಸರಿತೂಗಿಸಲೇಬೇಕು. 163.3 ಜೂಲ್ ಅನ್ನು 298 ಕೆಲ್ವಿನ್‌ನಿಂದ ಗುಣಿಸಿದರೆ ಸುಮಾರು 48.7 ಕಿಲೋಜೂಲ್. ಸಂಬಳದಲ್ಲಿ ಮೂಲದಲ್ಲೇ ಮುರಿದುಕೊಳ್ಳುವ ತೆರಿಗೆಯಂತೆ ಇದು ಮೊದಲೇ ಕಡಿತವಾಗುತ್ತದೆ. ಕೈಗೆ ಸಿಗುವುದು ಉಳಿದ 237.1 ಕಿಲೋಜೂಲ್, ಅದೇ ಗಿಬ್ಸ್ ಮುಕ್ತ ಶಕ್ತಿ.

ΔG = ΔH − TΔS

237.1 ಅನ್ನು 285.8ರಿಂದ ಭಾಗಿಸಿದರೆ 0.83. ನೂರಕ್ಕೆ 83 ಎಂಬ ಗರಿಷ್ಠ ದಕ್ಷತೆ ಬರುವುದು ಇಲ್ಲಿಂದ. ಪ್ರತಿ ಹೈಡ್ರೋಜನ್ ಅಣು ಎರಡು ಎಲೆಕ್ಟ್ರಾನ್‌ಗಳನ್ನು ಕೊಡುತ್ತದೆಯಾದ್ದರಿಂದ ಇದನ್ನೇ ವೋಲ್ಟ್‌ನಲ್ಲೂ ಹೇಳಬಹುದು: ಆದರ್ಶ ಕೋಶ ಕೊಡಬಲ್ಲದ್ದು 1.23 ವೋಲ್ಟ್. ಶಕ್ತಿಯೆಲ್ಲ ವಿದ್ಯುತ್ತಾಗಿದ್ದರೆ 1.48 ಬರುತ್ತಿತ್ತು.

ಆ 1.23 ಕೂಡ ಕರೆಂಟು ಹರಿಯದಿದ್ದಾಗಿನ ಮಾತು. ಕರೆಂಟು ಎಳೆದೊಡನೆ ವೋಲ್ಟೇಜು ಕುಸಿಯುತ್ತದೆ. ಆಮ್ಲಜನಕದ ಕಡೆಯ ಕ್ರಿಯೆ ನಿಧಾನದ್ದು, ಅದನ್ನು ತಳ್ಳುವುದಕ್ಕೇ ದೊಡ್ಡ ಪಾಲು ವ್ಯಯವಾಗುತ್ತದೆ. ಪೊರೆಯ ರೋಧವೂ ತನ್ನ ಪಾಲು ಕೇಳುತ್ತದೆ. ಕೆಲಸ ಮಾಡುತ್ತಿರುವ ಕೋಶದಲ್ಲಿ 0.7 ವೋಲ್ಟ್ ಸಾಮಾನ್ಯ. 0.7 ಅನ್ನು 1.48ರಿಂದ ಭಾಗಿಸಿ: ನೂರಕ್ಕೆ 47. ಕೋಶಕ್ಕೊಂದು ವೋಲ್ಟ್‌ಮೀಟರ್ ಹಚ್ಚಿದರೆ ಒಳಹೋದ ಹೈಡ್ರೋಜನ್ ಪೂರ್ತಿ ಬಳಕೆಯಾಗುತ್ತಿರುವ ತನಕ ದಕ್ಷತೆ ತಾನಾಗಿ ತಿಳಿಯುತ್ತದೆ.

ಇಲ್ಲೊಂದು ಕೈಚಳಕವೂ ಉಂಟು. ನೀರು ಆವಿಯಾಗಿಯೇ ಹೊರಹೋಗುತ್ತದೆ ಎಂದು ಲೆಕ್ಕ ಹಾಕಿದರೆ ಛೇದ 285.8ರ ಬದಲು 241.8ಕ್ಕೆ ಇಳಿಯುತ್ತದೆ. ಅದೇ ಕೋಶ, ಅದೇ 0.7 ವೋಲ್ಟ್, ದಕ್ಷತೆ ಮಾತ್ರ 47ರಿಂದ 56ಕ್ಕೆ ಏರುತ್ತದೆ! ಇದು ಸುಳ್ಳಲ್ಲ, ಎಂಜಿನ್ನುಗಳ ಲೆಕ್ಕದಲ್ಲೂ ಇದೇ ರೂಢಿ. ಎರಡು ಯಂತ್ರಗಳನ್ನು ಬೇರೆ ಬೇರೆ ಛೇದದಿಂದ ಅಳೆದು ಹೋಲಿಸಿದರೆ ಮಾತ್ರ ಮೋಸ.

ಕೋಶವನ್ನು ಬಿಸಿ ಮಾಡಿದರೆ ಮಿತಿ ಏರೀತೇ? ಏರದು, ಇಳಿಯುತ್ತದೆ; ಏಕೆಂದರೆ ಆ ಕಡಿತ ತಾಪಮಾನದ ಜೊತೆಗೇ ಬೆಳೆಯುತ್ತದೆ. ಆವಿಯ ಲೆಕ್ಕದಲ್ಲಿ 25 ಡಿಗ್ರಿಗೆ ನೂರಕ್ಕೆ 94ರಷ್ಟಿರುವ ಮಿತಿ, 1000 ಕೆಲ್ವಿನ್ ಹೊತ್ತಿಗೆ ಸುಮಾರು 78. ಆದರೂ ಬಿಸಿ ಕೋಶಗಳನ್ನು ಕಟ್ಟುತ್ತಾರೆ: ಅಲ್ಲಿ ಕ್ರಿಯೆ ಚುರುಕು, ನಷ್ಟ ಕಡಿಮೆ, ಹೊರಬರುವ ಶಾಖವೂ ಇನ್ನೊಂದು ಕೆಲಸಕ್ಕೆ ಬರುವಷ್ಟು ಬಿಸಿ. ಇನ್ನು ಮುಂದೆ ಯಾವುದೇ ಕೋಶದ ದಕ್ಷತೆಯ ಅಂಕಿ ಕಂಡರೆ, ಅದರ ಛೇದದಲ್ಲಿರುವುದು ನೀರಿನ ಲೆಕ್ಕವೋ ಆವಿಯ ಲೆಕ್ಕವೋ ಎಂದು ಮೊದಲು ಕೇಳಿ.