ಮೂರು ದಿನಕ್ಕೊಂದು ಸರಕು, ಮೂವತ್ತು ದಿನಕ್ಕೆ ಹತ್ತು

ಅಮೆಜಾನ್‌ನಲ್ಲಿ ಹೊಸದಾಗಿ ಚನ್ನಪಟ್ಟಣದ ಆಟಿಕೆ ಮಾರುತ್ತಿರುವವರನ್ನೇ ತೆಗೆದುಕೊಳ್ಳಿ. ಹತ್ತು ಸರಕು ಓಡುತ್ತಿಲ್ಲವೆಂದರೆ ಒಂದೇ ರಾತ್ರಿ ಹತ್ತರ ಫೋಟೊ, ಹೆಸರು, ಬೆಲೆ ಎಲ್ಲವನ್ನೂ ಬದಲಿಸಿಬಿಡುತ್ತಾರೆ. ಆಮೇಲೆ ಮಾರಾಟ ಏರಿದರೂ ಇಳಿದರೂ ಯಾವುದರಿಂದ ಹಾಗಾಯಿತೆಂದು ತಿಳಿಯುವುದಿಲ್ಲ. ಮೂರು ದಿನಕ್ಕೆ ಒಂದನ್ನೇ ಹಿಡಿಯುವುದು ಇದಕ್ಕಾಗಿ.

ಯಾವುದನ್ನು ಮೊದಲು ಹಿಡಿಯಬೇಕೆಂಬುದನ್ನು ಮಾರಾಟಗಾರರ ಖಾತೆಯ Business Reports ಹೇಳುತ್ತದೆ. ಅಲ್ಲಿ Sessions ಎಂದರೆ ಪುಟಕ್ಕೆ ಬಂದ ಭೇಟಿಗಳು. ಕಳೆದ 30 ದಿನದ ಲೆಕ್ಕ ತೆಗೆದು, ಭೇಟಿ ಹೆಚ್ಚಿದ್ದೂ ಮಾರಾಟ ಕಡಿಮೆ ಇರುವುದನ್ನು ಮೊದಲಿಗಿಡಿ. ಗಿರಾಕಿ ಬಾಗಿಲವರೆಗೆ ಬಂದು ಹಿಂದಿರುಗುತ್ತಿದ್ದಾನೆ. ದೋಷ ಪುಟದ ಒಳಗಿದೆ. ಭೇಟಿಯೇ ಇಲ್ಲದ ಸರಕಿನ ಕಾಯಿಲೆ ಬೇರೆ. ಜನ ಹುಡುಕುವ ಪದ ಅದರ ಹೆಸರಿನಲ್ಲಿಲ್ಲ, ಇಲ್ಲವೇ ಮೊದಲ ಫೋಟೊ ಕಣ್ಣಿಗೆ ಬೀಳುತ್ತಿಲ್ಲ. ಅವನ್ನು ಆಮೇಲೆ ನೋಡಬಹುದು.

ಬುಗುರಿಯ ಸೆಟ್ ಒಂದಿದೆ, 200 ಭೇಟಿಗೆ 2 ಮಾರಾಟವಾಗಿದೆ ಎಂದುಕೊಳ್ಳೋಣ. ಮೊದಲ ದಿನ ಏನನ್ನೂ ಮುಟ್ಟಬೇಡಿ. ಗಿರಾಕಿಗಳ ಅಭಿಪ್ರಾಯ, ವಾಪಸಾತಿಯ ಕಾರಣ ಓದಿ. ‘ಇಷ್ಟು ಚಿಕ್ಕದೆಂದು ಗೊತ್ತಿರಲಿಲ್ಲ’ ಎಂಬ ಮಾತು ಸಿಕ್ಕಿತೆನ್ನಿ, ಮದ್ದು ಅಲ್ಲೇ ಇದೆ. ಎರಡನೇ ದಿನ ಕಿಟಕಿಯ ಬೆಳಕಿನಲ್ಲಿ ಹೊಸ ಫೋಟೊ ತೆಗೆಯಿರಿ. ಮುಖ್ಯ ಫೋಟೊದಲ್ಲಿ ಅಚ್ಚ ಬಿಳಿ ಹಿನ್ನೆಲೆಯ ಮೇಲೆ ಸರಕು ಮಾತ್ರ ಇರಬೇಕೆಂಬುದು ಅಮೆಜಾನ್ ನಿಯಮ. ಹಾಗಾಗಿ ಅಂಗೈ ಮೇಲಿಟ್ಟ ಬುಗುರಿಯನ್ನು ಎರಡನೇ ಫೋಟೊ ಮಾಡಿ, ಮೂರನೆಯದರಲ್ಲಿ ಪಕ್ಕಕ್ಕೆ ಸ್ಕೇಲ್ ಇಡಿ. ವಿವರಣೆಯ ಮೊದಲ ಸಾಲಿನಲ್ಲೇ ಎಷ್ಟು ಬುಗುರಿ, ಎಷ್ಟು ಸೆಂಟಿಮೀಟರ್ ಎಂದು ಬರೆಯಿರಿ. ಮೂರನೇ ದಿನ ಅದನ್ನು ಏರಿಸಿ, ಮೊಬೈಲಿನಲ್ಲಿ ತೆರೆದು ನೋಡಿ, ತಾರೀಖನ್ನು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಿ. ಬೆಲೆಯನ್ನು ಈ ಸುತ್ತಿನಲ್ಲಿ ಮುಟ್ಟಬೇಡಿ. ಫೋಟೊವೂ ಬೆಲೆಯೂ ಒಟ್ಟಿಗೆ ಬದಲಾದರೆ ಯಾವುದು ಕೆಲಸ ಮಾಡಿತೆಂದು ತಿಳಿಯುವ ದಾರಿಯೇ ಇರುವುದಿಲ್ಲ.

ನಾಲ್ಕನೇ ದಿನ ಮುಂದಿನ ಸರಕಿಗೆ ಹೋಗಿ. ಹೊಸಬರು ಸೋಲುವುದು ಇಲ್ಲಿಯೇ: ಎರಡು ದಿನ ಮಾರಾಟವಾಗದಿದ್ದರೆ ಬುಗುರಿಯ ಪುಟವನ್ನು ಮತ್ತೆ ಕೆದಕುತ್ತಾರೆ. ನೂರಕ್ಕೊಂದು ಮಾರಾಟವಾಗುವ ಸರಕಿನಲ್ಲಿ ಇಪ್ಪತ್ತು ಭೇಟಿ ಏನನ್ನೂ ಹೇಳುವುದಿಲ್ಲ. ಮತ್ತೆ ಸುಮಾರು 200 ಭೇಟಿ ಆಗುವವರೆಗೆ ಬಿಡಿ. ಆಗ 6 ಮಾರಾಟವಾಗಿದ್ದರೆ ಬದಲಾವಣೆ ಫಲಿಸಿರುವ ಸಾಧ್ಯತೆ ಹೆಚ್ಚು. 3 ಆಗಿದ್ದರೆ ಅದು ಆಕಸ್ಮಿಕವೂ ಇರಬಹುದು. ದೀಪಾವಳಿ ಸೇಲ್‌ನ ದಿನಗಳನ್ನೂ ದಾಸ್ತಾನು ಮುಗಿದ ದಿನಗಳನ್ನೂ ಈ ಹೋಲಿಕೆಗೆ ಸೇರಿಸಬೇಡಿ.

ಮೂವತ್ತನೇ ದಿನ ಹತ್ತೂ ಪುಟ ತಿದ್ದಿ ಮುಗಿದಿರುತ್ತವೆ, ಆದರೆ ಹತ್ತರ ಫಲಿತಾಂಶವೂ ಬಂದಿರುವುದಿಲ್ಲ. ಕೊನೆಯವಕ್ಕೆ ಇನ್ನೂ ಕೆಲವು ವಾರ ಬೇಕು. ಅಷ್ಟಾದರೂ ಅಲುಗದ ಸರಕಿದ್ದರೆ ಆಗ ಬೆಲೆ ನೋಡಿ. ಬೆಲೆ ಇಳಿಸಿದರೆ ನಷ್ಟವೆನಿಸಿದರೆ ಆ ಸರಕನ್ನು ಪಟ್ಟಿಯಿಂದ ತೆಗೆದುಬಿಡಿ.